ಆಡ್ತಾ ಆಡ್ತಾ ಇಂಗ್ಲಿಷ್ ಪದ: ಕಲಬುರಗಿಯ ದೊಡ್ಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ರಾತ್ರಿ ಊಟ ಆದಮೇಲೆ ಯಾರೂ ಒಳಗೆ ಕೂರುವುದಿಲ್ಲ. ನಮ್ಮ ಓಣಿಯಲ್ಲಿ ಐದಾರು ಮನೆಯವರು ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂರುತ್ತೇವೆ. ಅಲ್ಲಿ ಇಂಗ್ಲಿಷ್ ಪದದಾಟ, ಕ್ವಿಜ್ ಆಡುವುದು ಈಗ ರೂಢಿಯೇ ಆಗಿದೆ. ಕಿರಾಣಿ ಅಂಗಡಿಯವರು, ಆಫೀಸಿಗೆ ಹೋಗುವವರು, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳು, ರಿಟೈರ್ ಆದ ಮಾಸ್ತರು ಎಲ್ಲ ಇದ್ದಾರೆ. ಕನ್ನಡ ಶಾಲೆಯಲ್ಲಿ ಓದಿದವರೇ ಜಾಸ್ತಿ. ಅವರೂ ಅವರ ನೆಂಟರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಆಟ ಆಡಿದ್ರ ಖರೇನೇ ಇಂಗ್ಲಿಷ್ ಬರ್ತದೇನ್ರಿ, ಇಲ್ಲಾ ಸುಮ್ನೆ ಟೈಮ್‌ಪಾಸಾ?

ಯಾವ ಆಟ, ಅದನ್ನು ಹೇಗೆ ಆಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಪದ ಗೊತ್ತು ಅನ್ನುವುದರಲ್ಲೇ ಮೂರು ಬೇರೆ ಬೇರೆ ಕೆಲಸಗಳಿವೆ. ಅದರ ಅಕ್ಷರ ಗೊತ್ತಿರುವುದು ಒಂದು. ಕಂಡಾಗ ಅರ್ಥ ಹೊಳೆಯುವುದು ಇನ್ನೊಂದು. ಬೇಕಾದಾಗ ಬಾಯಿಗೆ ಬರುವುದು ಮೂರನೆಯದು. ಒಂದೊಂದು ಆಟ ಇವುಗಳಲ್ಲಿ ಒಂದನ್ನು ಮಾತ್ರ ತಿದ್ದುತ್ತದೆ.

ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. ಅಕ್ಷರದ ಬಿಲ್ಲೆಗಳನ್ನು ಬೋರ್ಡ್ ಮೇಲೆ ಜೋಡಿಸಿ ಪದ ಕಟ್ಟುವ ಆಟ ಅದು. ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರ ಕೂತು ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದರು, ಅಷ್ಟೇ. ಅಂದರೆ ಮೊದಲ ಕೆಲಸದಲ್ಲಿ ಜಗತ್ತಿಗೇ ಮೊದಲಿಗರಾದವರಿಗೂ ಮೂರನೆಯದು ತಾನಾಗಿ ಸಿಗಲಿಲ್ಲ.

ನಮ್ಮಲ್ಲಿ ಬಹಳ ಜನರ ತೊಂದರೆ ಮೂರನೆಯದೇ. ಓದಿದರೆ ತಿಳಿಯುತ್ತದೆ, ಮಾತಾಡಲು ಹೋದರೆ ಪದ ಬರುವುದಿಲ್ಲ. ಹಾಗಾಗಿ ಆಟ ಯಾವುದೇ ಇರಲಿ, ಅದನ್ನು ಬಾಯಿಯ ಕಡೆಗೆ ಹೇಗೆ ತಿರುಗಿಸಬಹುದು ಅಂತ ನಾನು ನೋಡುತ್ತೇನೆ. ಕೆಳಗಿನ ಉತ್ತರಗಳೆಲ್ಲ ಇದೇ ದಾರಿಯಲ್ಲಿವೆ.

ನನಗ ಭಾಳ ಕಮ್ಮಿ ಬರ್ತದ. ಯಾವ ಆಟದಿಂದ ಶುರು ಮಾಡ್ಲಿ?

ಅರ್ಥ ಆರಿಸುವ ಕ್ವಿಜ್‌ನಿಂದ. ಇದರಲ್ಲಿ freerice.com ನನಗೆ ಇಷ್ಟ. 2007ರಲ್ಲಿ ಶುರುವಾದ ಆಟ ಇದು. ಈಗ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಇದನ್ನು ನಡೆಸುತ್ತದೆ. ತೆರೆಯ ಮೇಲೆ ಒಂದು ಇಂಗ್ಲಿಷ್ ಪದ, ಕೆಳಗೆ ನಾಲ್ಕು ಅರ್ಥ. ಸರಿಯಾದದ್ದನ್ನು ಒತ್ತಿದರೆ ಹಸಿದವರಿಗಾಗಿ ಕೆಲವು ಅಕ್ಕಿ ಕಾಳಿನಷ್ಟು ಹಣ ಪ್ರಾಯೋಜಕರಿಂದ ಹೋಗುತ್ತದೆ. ಸರಿ ಹೇಳುತ್ತಾ ಹೋದ ಹಾಗೆ ಪದಗಳು ಕಷ್ಟವಾಗುತ್ತವೆ, ತಪ್ಪಿದರೆ ಮತ್ತೆ ಸುಲಭಕ್ಕೆ ಇಳಿಯುತ್ತವೆ. ಹಾಗಾಗಿ ಏಳನೇ ತರಗತಿವರೆಗೆ ಓದಿದವರೂ ಡಿಗ್ರಿ ಆದವರೂ ಇದನ್ನೇ ಆಡಬಹುದು. ಯಾರ ಮುಂದೆಯೂ ಆಡಬೇಕಾಗಿಲ್ಲ ಅನ್ನುವುದು ಇನ್ನೊಂದು ಅನುಕೂಲ.

ಆದರೆ ಒಂದು ತೊಡಕಿದೆ. ನಾಲ್ಕು ಉತ್ತರ ಕಣ್ಣ ಮುಂದೆ ಇದ್ದರೆ ಊಹೆ ಮಾಡಿಯೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಎರಡು ಉತ್ತರ ಆಗಲಿಕ್ಕಿಲ್ಲ ಅಂತ ಬಿಟ್ಟರೆ ಅರ್ಧಕ್ಕರ್ಧ ಸರಿ. ಅದಕ್ಕೆ ನಾವು ಹೀಗೆ ಆಡುತ್ತೇವೆ. ಪದ ಬಂದ ಕೂಡಲೇ ಅಂಗೈಯಿಂದ ಕೆಳಗಿನ ಭಾಗ ಮುಚ್ಚಬೇಕು. ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಆಮೇಲೆ ಕೈ ತೆಗೆದು ಒತ್ತಬೇಕು. ಮುಚ್ಚಿದಾಗ ಹೇಳಲು ಬಂದದ್ದು ಮಾತ್ರ ನಮ್ಮ ಲೆಕ್ಕಕ್ಕೆ. ನೀವೇ ಮಾಡಿ ನೋಡಿ. ತೆರೆಯಲ್ಲಿ ಹತ್ತಕ್ಕೆ ಎಂಟು ತೋರಿಸುತ್ತಿದ್ದರೂ ಕೈ ಮುಚ್ಚಿದ ಲೆಕ್ಕ ನಾಲ್ಕೋ ಐದೋ ಇರುತ್ತದೆ. ಆ ನಡುವಿನ ಮೂರ್ನಾಲ್ಕು ಪದಗಳೇ ನಿಮಗೆ ಈಗ ಕಲಿಯಲು ತಕ್ಕವು, ಏಕೆಂದರೆ ಅವು ಅರ್ಧ ಗೊತ್ತಿರುವ ಪದಗಳು.

ಇದಕ್ಕೆಲ್ಲ ರೊಕ್ಕ ಕೊಡಬೇಕೇನ್ರಿ?

ಬೇಕಿಲ್ಲ. ಮೇಲಿನ ಕ್ವಿಜ್ ಪುಕ್ಕಟೆ. ಫೋನಿನಲ್ಲಿ ಐದಕ್ಷರದ ಪದ ಊಹಿಸುವ ವರ್ಡಲ್ ಕೂಡ ದಿನಕ್ಕೊಂದು ಪುಕ್ಕಟೆ ಆಡಬಹುದು. ಮಾಳಿಗೆ ಮೇಲೆ ಆಡುವ ಆಟಗಳಿಗೆ ಹಳೆ ಲಗ್ನಪತ್ರಿಕೆ ಕತ್ತರಿಸಿದ ಚೀಟಿ ಸಾಕು. ಅದರ ಹಿಂಬದಿ ಖಾಲಿ ಇರುತ್ತದೆ, ಕಾಗದವೂ ದಪ್ಪ. ಎರಡು ನಿಮಿಷಕ್ಕೊಮ್ಮೆ ಜಾಹೀರಾತು ಬರುವ ಆ್ಯಪ್‌ಗಳನ್ನು ಮಾತ್ರ ಬಿಡಿ. ಆಗಷ್ಟೇ ನೋಡಿದ ಪದ ಜಾಹೀರಾತು ಮುಗಿಯುವುದರೊಳಗೆ ತಲೆಯಿಂದ ಹೋಗಿರುತ್ತದೆ.

ದಿನಾ ಎಷ್ಟು ಹೊತ್ತು ಆಡ್ಬೇಕು?

ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿ ಆಡಿದರೆ ಖುಷಿಗೆ ಆಡಿ, ಕಲಿಕೆಗೆ ಅಂತ ಬೇಡ. ಭಾನುವಾರ ಒಂದೇ ಸಲ ಎರಡು ತಾಸು ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಕೂತವರಲ್ಲಿ ಪದ ನಿಲ್ಲುತ್ತದೆ. ನಡುವೆ ಒಂದು ರಾತ್ರಿ ಕಳೆದು, ಸ್ವಲ್ಪ ಮರೆತು, ಮತ್ತೆ ನೆನಪು ಮಾಡಿಕೊಂಡಾಗ ಅದು ಗಟ್ಟಿಯಾಗುತ್ತದೆ.

## ಆಡುವಾಗ ಬರುವ ಪ್ರಶ್ನೆಗಳು

ವರ್ಡಲ್‌ನಾಗ ನಾಲ್ಕು ಅಕ್ಷರ ಸಿಕ್ಕಿರ್ತಾವ, ಆದ್ರೂ ಸೋಲ್ತೀನಿ. ಎಲ್ಲಿ ತಪ್ತದ?

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಜಾಶ್ ವಾರ್ಡಲ್ ಎಂಬಾತ ಮಾಡಿ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಬಿಟ್ಟ ಆಟ ಇದು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದು ಅಕ್ಷರದ ಒಂದು ಗುಟ್ಟಿನ ಪದವನ್ನು ಆರು ಸಲದೊಳಗೆ ಹಿಡಿಯಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದೆ ಆದರೆ ಜಾಗ ಬೇರೆ ಅಂದರೆ ಹಳದಿ, ಇಲ್ಲವೇ ಇಲ್ಲ ಅಂದರೆ ಬೂದು.

ಇಂಗ್ಲಿಷಿನಲ್ಲಿ ಐದು ಅಕ್ಷರದ ಪದಗಳು ಸುಮಾರು 12,000 ಇವೆ. ಅವುಗಳಲ್ಲಿ ತನಗೆ ಗೊತ್ತಿರುವ ಪದಗಳನ್ನು ವಾರ್ಡಲ್‌ನ ಸಂಗಾತಿ ಆರಿಸಿ ಕೊಟ್ಟರು. ಹಾಗೆ ಪಟ್ಟಿ ಸುಮಾರು 2,500ಕ್ಕೆ ಇಳಿಯಿತು. ನಮಗೆ ಇದು ಒಳ್ಳೆಯದೇ ಆಯಿತು. ಉತ್ತರವಾಗಿ ಬರುವುದು ಹೆಚ್ಚಾಗಿ ಪೇಪರಿನಲ್ಲಿ, ಮಾತಿನಲ್ಲಿ ಸಿಗುವ ಪದವೇ. ಅಂದರೆ ಕಲಿತದ್ದು ವ್ಯರ್ಥವಾಗುವುದಿಲ್ಲ.

ಈಗ ನಿಮ್ಮ ಸೋಲಿಗೆ ಬರೋಣ. ಮೊದಲು CRANE ಹಾಕಿದಿರಿ ಅಂತ ಇಟ್ಟುಕೊಳ್ಳಿ. C ಮತ್ತು A ಬೂದು, ಉಳಿದ R, N, E ಮೂರೂ ಹಸಿರು. ಅಂದರೆ ಪದ ಹೀಗಿದೆ:

```
_ R _ N E
```

ಖುಷಿಯಾಗುತ್ತದೆ, ಎರಡೇ ಅಕ್ಷರ ಬಾಕಿ ಅಂತ. DRONE ಹಾಕುತ್ತೀರಿ, ಇಲ್ಲ. PRONE, ಇಲ್ಲ. PRUNE, ಇಲ್ಲ. URINE ಹಾಕಿದಾಗ ನಾಲ್ಕು ಹಸಿರು, ಆದರೂ ಗೆಲುವಿಲ್ಲ. ಐದು ಸಲ ಮುಗಿಯಿತು. ಇವತ್ತು ಆರನೆಯದರಲ್ಲಿ BRINE ಹೊಳೆದರೆ ಸರಿ, ಇಲ್ಲದಿದ್ದರೆ ಸೋಲು. ಇದೇ ಆ ಬಲೆ. ಹಸಿರು ಸಿಕ್ಕಿತೆಂದು ಅದನ್ನೇ ಹಿಡಿದುಕೊಂಡು, ಬೂದು ಬಂದ ಅಕ್ಷರವನ್ನೂ ಮತ್ತೆ ಹಾಕುತ್ತಾ, ಒಂದೊಂದು ಸಲಕ್ಕೆ ಒಂದೋ ಎರಡೋ ಹೊಸ ಅಕ್ಷರ ಮಾತ್ರ ನೋಡುತ್ತಿದ್ದೀರಿ.

ಎರಡನೇ ಸಲಕ್ಕೇ ನಿಲ್ಲಿ. ಫೋನ್ ಕೆಳಗಿಟ್ಟು, ಆಗಬಹುದಾದ ಪದಗಳನ್ನು ಕಾಗದದ ಮೇಲೆ ಬರೆಯಿರಿ. DRONE, PRONE, PRUNE, URINE, BRINE, ಸಾಮಾನ್ಯ ಪದಗಳು ಈ ಐದೇ. ಇವನ್ನು ಬೇರ್ಪಡಿಸುವ ಅಕ್ಷರಗಳು P, I, O, U. ಈ ನಾಲ್ಕೂ ಇರುವ ಒಂದು ಪದ PIOUS. ಇದು ಉತ್ತರ ಆಗುವುದಿಲ್ಲ ಅಂತ ಗೊತ್ತಿದ್ದೇ ಹಾಕಿ. I ಒಂದೇ ಹಳದಿ ಬಂದರೆ BRINE. I, U ಎರಡೂ ಹಳದಿ ಆದರೆ URINE. O ಒಂದೇ ಹಸಿರು ಬಂದರೆ DRONE. P, O ಎರಡೂ ಹಸಿರಾದರೆ PRONE. P ಹಸಿರು, U ಹಳದಿ ಆದರೆ PRUNE. ಮೂರನೇ ಸಲಕ್ಕೆ ಯಾವುದೇ ಇದ್ದರೂ ಗೆದ್ದಿರಿ. ಸೆಟ್ಟಿಂಗ್‌ನಲ್ಲಿ Hard Mode ಹಾಕಿದ್ದರೆ ಮಾತ್ರ ಈ ದಾರಿ ಬಂದ್, ಏಕೆಂದರೆ ಅಲ್ಲಿ ಸಿಕ್ಕ ಅಕ್ಷರಗಳನ್ನು ಬಿಡುವಂತಿಲ್ಲ.

ಗೆಲ್ಲುವುದಕ್ಕಷ್ಟೇ ನಾನು ಇದನ್ನು ಹೇಳುತ್ತಿಲ್ಲ. ಆ ಕಾಗದದ ಮೇಲೆ ಬರೆದ ಪಟ್ಟಿಯೇ ಈ ಆಟದ ನಿಜವಾದ ಲಾಭ. ಉತ್ತರ ಒಂದೇ ಪದ, ಆದರೆ ನಿಮ್ಮ ತಲೆಯಿಂದ ಐದಾರು ಪದ ಹೊರಗೆ ಬಂದಿವೆ. ಆಟ ಮುಗಿದಮೇಲೆ ಅವುಗಳ ಅರ್ಥ ನೋಡಿ. ಬ್ರೈನ್ ಅಂದರೆ ಉಪ್ಪಿನಕಾಯಿ ಹಾಕುವಾಗ ಮಾಡುವ ಉಪ್ಪುನೀರು. ಪ್ರೂನ್ ಅಂದರೆ ಒಣಗಿಸಿದ ಒಂದು ಹಣ್ಣು, ಗಿಡದ ಟೊಂಗೆ ಸವರುವುದಕ್ಕೂ ಅದೇ ಪದ. ಪಯಸ್ ಅಂದರೆ ದೈವಭಕ್ತಿ ಇರುವವರು. ಪ್ರೋನ್ ಅಂದರೆ ಬೋರಲು ಮಲಗಿದ್ದು ಅಂತಲೂ ಆಗುತ್ತದೆ, ಯಾವುದಾದರೂ ಕೇಡಿಗೆ ಸುಲಭವಾಗಿ ಸಿಗುವಂಥದ್ದು ಅಂತಲೂ ಆಗುತ್ತದೆ. ನಮ್ಮ ಭಾಗದ ಬಗ್ಗೆ ಇಂಗ್ಲಿಷ್ ಪೇಪರಿನಲ್ಲಿ ಬರುವ ‘ಡ್ರೌಟ್ ಪ್ರೋನ್’ ಇದೇ ನೋಡಿ. ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಸೀಮೆ ಅಂತ.

ಹೇಳಾಕ ಬರ್ತದ, ಸ್ಪೆಲಿಂಗ್ ಮಾತ್ರ ಪ್ರತಿ ಸಲ ತಪ್ತದ. ಯಾಕ?

ನಾವು ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಕೇಳಿದ ಹಾಗೆ ಬರೆಯುತ್ತೇವೆ. ಅದೇ ರೂಢಿಯಲ್ಲಿ ಇಂಗ್ಲಿಷ್ ಬರೆದರೆ ತಪ್ಪುತ್ತದೆ. ‘ನೈಟ್’ ಕೇಳಿದರೆ G, H ಅಲ್ಲಿ ಇವೆ ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಒಂಟಿ ಪದದ ಸ್ಪೆಲಿಂಗ್ ಉರು ಹೊಡೆಯಬೇಡಿ. ಬಳಗ ಹಿಡಿಯಿರಿ. NIGHT ಬಂದರೆ ಅದರ ಜೊತೆಗೆ LIGHT, RIGHT, FIGHT, TIGHT, MIGHT, SIGHT ಹೇಳಿಕೊಂಡು ಬರೆಯಿರಿ. ನಾಲ್ಕೈದು ಜನ ಕೂತಾಗ ಇದನ್ನು ಅಂತ್ಯಾಕ್ಷರಿ ತರಹ ಆಡಬಹುದು. ಒಬ್ಬರು ಒಂದು ಬಾಲ ಕೊಡುವುದು, ಉಳಿದವರು ಸರದಿಯಂತೆ ಪದ ಹೇಳುವುದು, ಸಿಗದವರು ಔಟ್.

ಇನ್ನೊಂದು ಎಚ್ಚರಿಕೆ. ವರ್ಡಲ್ ನಡೆಯುವುದು ಅಮೆರಿಕದ ಸ್ಪೆಲಿಂಗ್‌ನಲ್ಲಿ. ಅಲ್ಲಿ HUMOR, FAVOR ಐದಕ್ಷರದ ಪದಗಳು. ನಮ್ಮ ಶಾಲೆ, ಆಫೀಸುಗಳಲ್ಲಿ ಬಳಸುವುದು HUMOUR, FAVOUR. ಆಟದಲ್ಲಿ ಕಂಡದ್ದನ್ನು ಹಾಗೇ ಅರ್ಜಿಯಲ್ಲಿ ಬರೆಯಬೇಡಿ.

ಓದಿದ್ರ ತಿಳಿತದ್ರಿ, ಮಾತಾಡ್ವಾಗ ಪದಾನೇ ನೆನಪಾಗಲ್ಲ. ಇದಕ್ಕ ಯಾವ ಆಟ?

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಬಂದ ಪ್ರಶ್ನೆ. ಉತ್ತರ, ಪದ ಹೇಳದೆ ಪದ ಹೇಳಿಸುವ ಆಟ. ಅಂಗಡಿಯಲ್ಲಿ ಇದು ಟಾಬೂ ಅನ್ನುವ ಹೆಸರಿನಲ್ಲಿ ಸಿಗುತ್ತದೆ, 1989ರಲ್ಲಿ ಮಾರುಕಟ್ಟೆಗೆ ಬಂದದ್ದು. ಚೀಟಿಯ ಮೇಲೆ ಒಂದು ಪದ, ಅದರ ಕೆಳಗೆ ಬಳಸಬಾರದ ಐದು ಪದ ಇರುತ್ತವೆ. ಅವನ್ನೆಲ್ಲ ಬಿಟ್ಟು ವಿವರಿಸಿ, ನಿಮ್ಮ ಕಡೆಯವರ ಬಾಯಿಂದ ಮೇಲಿನ ಪದ ಬರಿಸಬೇಕು.

ಕೊಂಡ ಪೆಟ್ಟಿಗೆಗಿಂತ ನಾವೇ ಬರೆದ ಚೀಟಿ ಮೇಲು. ಪೆಟ್ಟಿಗೆಯ ಪದಗಳಲ್ಲಿ ಅರ್ಧ ನಮ್ಮ ಬದುಕಿನಲ್ಲಿ ಇಲ್ಲದವು. ಐದು ನಿಷೇಧ ಶುರುವಿನಲ್ಲಿ ಭಾರವಾಗುತ್ತದೆ, ಮೂರು ಸಾಕು. ಮರಳು ಗಡಿಯಾರದ ಒಂದು ನಿಮಿಷದ ಬದಲು ಎರಡು ನಿಮಿಷ ಕೊಡಿ. ಕೈ ಆಡಿಸುವಂತಿಲ್ಲ, ಕನ್ನಡ ಬಳಸುವಂತಿಲ್ಲ.

ಕಳೆದ ಮೇ ತಿಂಗಳ ಒಂದು ರಾತ್ರಿ ಹೇಳುತ್ತೇನೆ. ಕರೆಂಟ್ ಹೋಗಿತ್ತು. ಫೋನಿನ ಬೆಳಕಲ್ಲಿ ಪಕ್ಕದ ಮನೆ ವೈನಿ ಚೀಟಿ ಎತ್ತಿದರು. ಪದ DOUGH, ಹಿಟ್ಟಿನ ಮುದ್ದೆ. ಹೇಳಬಾರದವು ರೋಟಿ, ಫ್ಲೌರ್, ವಾಟರ್. ವೈನಿ ಶುರು ಮಾಡಿದರು. “ಇಟ್ ಈಸ್ ಸಾಫ್ಟ್. ಇನ್ ದ ಮಾರ್ನಿಂಗ್ ಐ ಮೇಕ್. ಇಟ್ ಸ್ಟಿಕ್ಸ್ ಟು ಹ್ಯಾಂಡ್.” ಎದುರಿಗೆ ಕೂತ ಕಾಕಾ “ಗಮ್?” ಅಂದರು. ವೈನಿಗೆ ‘ನಾದೋದು’ ಅನ್ನಬೇಕಿತ್ತು, ಪದ ಇಲ್ಲ. ಕೈ ಮುಂದೆ ಬಂತು, ಎಲ್ಲರೂ ಕೂಗಿದ ಮೇಲೆ ಹಿಂದೆ ಹೋಯಿತು. ಒಂದು ಉಸಿರು ಬಿಟ್ಟು ಹೇಳಿದರು, “ಐ ಪುಶ್, ಐ ಫೋಲ್ಡ್, ಐ ಪುಶ್ ಅಗೇನ್.” ಕಾಕಾ “ಡೋ!” ಅಂದುಬಿಟ್ಟರು.

ಆಟದ ಮುಖ್ಯ ಕೆಲಸ ಆದದ್ದು ಅದರ ಮುಂದಿನ ನಿಮಿಷದಲ್ಲಿ. ವೈನಿಯೇ ಕೇಳಿದರು, “ನಾದೋದಕ್ಕ ಏನಂತಾರ್ರಿ?” ನೀಡ್. KNEAD, ಮೊದಲಿನ K ಬರೆಯಬೇಕು, ಹೇಳಬಾರದು. ರೊಟ್ಟಿ ಬಡಿಯೋದಕ್ಕೆ ಬೀಟ್ ಅನ್ನಬೇಕೇನು ಅಂತ ಇನ್ನೊಬ್ಬರು ಕೇಳಿದರು. ಬೀಟ್ ಅಂದರೆ ಹೊಡೆಯುವುದು. ಅಂಗೈಯಿಂದ ಮೆಲ್ಲಗೆ ತಟ್ಟುವುದಕ್ಕೆ ಪ್ಯಾಟ್. ಹಂಚಿಗೆ ಗ್ರಿಡಲ್. ಆ ಮೂರು ಪದ ಅವತ್ತು ಕೂತಿದ್ದ ಯಾರೂ ಮರೆತಿಲ್ಲ. ಬೇಕಾದಾಗ ಸಿಗದೆ ತಡಕಾಡಿದ ಪದ ಆಮೇಲೆ ಸಿಕ್ಕರೆ ಹಾಗೇ ಕೂತುಬಿಡುತ್ತದೆ. ಅದಕ್ಕೆ ಪ್ರತಿ ಚೀಟಿ ಆದಮೇಲೆ “ಯಾವ ಪದ ಸಿಗಲಿಲ್ಲ?” ಅಂತ ಕೇಳುವುದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ. ಅಂಕಕ್ಕಿಂತ ಅದು ಮುಖ್ಯ.

ಮಕ್ಕಳ ಮುಂದ ತಪ್ಪಾದ್ರ ನಾಚಿಕಿ ಆಗ್ತದ. ಏನ್ ಮಾಡ್ಲಿ?

ಮಕ್ಕಳನ್ನು ಎದುರಾಳಿ ಮಾಡಬೇಡಿ, ಜೋಡಿ ಮಾಡಿಕೊಳ್ಳಿ. ಮಗಳು ವಿವರಿಸಲಿ, ನೀವು ಪದ ಹೇಳಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಮಾತು ಬೇಗ ಬರುತ್ತದೆ, ಆದರೆ ‘ಲೋನ್’, ‘ಹಾರ್ವೆಸ್ಟ್’, ‘ವಿಟ್ನೆಸ್’ ತರಹದ ಪದಗಳ ಹಿಂದಿನ ಬದುಕು ನಿಮಗೇ ಗೊತ್ತು. ಅಂಥ ಚೀಟಿಗಳಲ್ಲಿ ನೀವು ವಿವರಿಸಿ. ಒಬ್ಬರು ವಿವರಿಸುವಾಗ ಮಧ್ಯದಲ್ಲಿ ಗ್ರಾಮರ್ ತಿದ್ದಬಾರದು ಅಂತ ಮೊದಲೇ ಹೇಳಿಡಿ. ಮಧ್ಯದಲ್ಲಿ ತಿದ್ದಿಸಿಕೊಂಡವರು ಮುಂದಿನ ಸಲ ಚೀಟಿ ಎತ್ತುವುದೇ ಇಲ್ಲ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

## ಸ್ವಲ್ಪ ಮುಂದೆ ಹೋದವರಿಗೆ

ಜಿಕೆ ಕ್ವಿಜ್ ಇಂಗ್ಲಿಷಿನಾಗ ಆಡಿದ್ರ ಪದ ಬರ್ತಾವೇನು? ನನಗ ಪ್ರಶ್ನೇನೇ ತಿಳಿಯಲ್ಲ.

ಪ್ರಶ್ನೆಯೂ ಹೊಸದು, ಉತ್ತರವೂ ಹೊಸದು, ಪದವೂ ಹೊಸದು ಆದರೆ ಏನೂ ನಿಲ್ಲುವುದಿಲ್ಲ. ಫೋನಿನ ಕ್ವಿಜ್‌ಗಳಲ್ಲಿ ಬೇಸ್‌ಬಾಲ್, ಅಮೆರಿಕದ ಟಿವಿ ಧಾರಾವಾಹಿಗಳ ಬಗ್ಗೆ ಬಹಳ ಇರುತ್ತದೆ. ಅದನ್ನು ಬಿಟ್ಟು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ನೀವೇ ಪ್ರಶ್ನೆ ಮಾಡಿ. ವಿಷಯ ಗೊತ್ತಿದ್ದರೆ ತಲೆ ಪದವೊಂದನ್ನೇ ಹೊತ್ತರೆ ಸಾಕು.

ನಾವು ಒಂದು ವಾರ ಬಿದ್ರಿ ಕೆಲಸದ ಮೇಲೆ ಆಡಿದೆವು. ಹೂದಾನಿಯೋ ಹುಕ್ಕಾ ಬುಡವೋ ಎಲ್ಲರೂ ನೋಡಿದ್ದೇ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಅಲ್ವಾ? ಆ ಮಿಶ್ರಲೋಹ ಅಲಾಯ್. ಸತು ಜಿಂಕ್. ಎರಕದ ಅಚ್ಚು ಮೋಲ್ಡ್. ಉಳಿಯಿಂದ ಚಿತ್ತಾರ ಕೆತ್ತುವುದು ಎನ್‌ಗ್ರೇವ್, ಉಳಿ ಚಿಸೆಲ್. ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವುದು ಇನ್‌ಲೇ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿಗೆ ಹಾಕಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇಲ್ಲಿಂದ ಪ್ರಶ್ನೆ ಮಾಡುವುದು ಸುಲಭ. “ವಿಚ್ ಮೆಟಲ್ ಈಸ್ ಇನ್‌ಲೇಡ್ ಇನ್ ಬಿದ್ರಿ ವರ್ಕ್?” ಉತ್ತರ ಸಿಲ್ವರ್ ಅಂತ ಎಲ್ಲರಿಗೂ ಗೊತ್ತು. ಗೊತ್ತಿರುವ ಆ ಉತ್ತರದಿಂದಲೇ ‘ಇನ್‌ಲೇಡ್’ ಅಂದರೆ ಏನು ಅಂತ ತಾನಾಗಿ ತಿಳಿಯುತ್ತದೆ. ಡಿಕ್ಷನರಿ ತೆಗೆಯುವುದೇ ಬೇಡ.

ಒಂದು ಪ್ರಶ್ನೆಯಲ್ಲಿ ಒಂದೇ ಹೊಸ ಪದ ಇರಲಿ. ಎರಡು ಬಂದರೆ ಪ್ರಶ್ನೆಯನ್ನು ಎರಡು ಮಾಡಿ. ಮುಂದಿನ ವಾರಕ್ಕೆ ತೊಗರಿ, ಅದಾದಮೇಲೆ ಕಲಬುರಗಿ ಕೋಟೆ, ಆಮೇಲೆ ಮಳಖೇಡ. ತೊಗರಿಯಲ್ಲಿ ಪಾಡ್, ಹಸ್ಕ್, ಸ್ಪ್ಲಿಟ್, ಯೀಲ್ಡ್ ಬರುತ್ತವೆ. ಕೋಟೆಯಲ್ಲಿ ಮೋಟ್, ರ‍್ಯಾಂಪಾರ್ಟ್, ಡೋಮ್, ಆರ್ಚ್. ಒಂದು ವಿಷಯದ ಪದಗಳು ಒಟ್ಟಿಗೆ ಬಂದಾಗ ಒಂದು ಇನ್ನೊಂದನ್ನು ನೆನಪಿಸುತ್ತದೆ.

ನಾವು ದಿನಾ ಆಡೋ ಇಂಗ್ಲಿಷ್ ಪದಕ್ಕ ಆಟದಾಗ ಬ್ಯಾರೆ ಅರ್ಥ ತೋರಿಸ್ತದ. ಯಾವ್ದು ಖರೇ?

ಎರಡೂ ಖರೇ, ಜಾಗ ಬೇರೆ. ನಾವು ‘ಕರೆಂಟ್ ಹೋಯ್ತು’ ಅನ್ನುತ್ತೇವೆ. ಅರ್ಥ ಆರಿಸುವ ಕ್ವಿಜ್‌ನಲ್ಲಿ CURRENT ಬಂದರೆ ‘ಈಗ ನಡೆಯುತ್ತಿರುವ’ ಅಥವಾ ‘ನೀರಿನ ಸೆಳೆತ’ ಅಂತ ಇರಬಹುದು. ನಮ್ಮ ಹೋಟೆಲ್ ಅಂದರೆ ಸುಸಲಾ, ಮಿರ್ಚಿ ಸಿಗುವ ಜಾಗ. ಆಟದಲ್ಲಿ ಅದು ರಾತ್ರಿ ತಂಗುವ ಜಾಗ. ಬಂಕ್ ಅಂದರೆ ನಮಗೆ ಪೆಟ್ರೋಲ್ ಹಾಕಿಸುವ ಕಡೆ, ಅವರಿಗೆ ಒಂದರ ಮೇಲೊಂದು ಇರುವ ಮಂಚ. ಸೊಲ್ಲಾಪುರಕ್ಕೆ ಹೋಗುವ ರೈಲಿನ ಮೇಲಿನ ಬರ್ತ್ ನೆನಪಿಸಿಕೊಳ್ಳಿ. ಇಂಥ ಪದ ಸಿಕ್ಕಾಗ ನಮ್ಮ ಅರ್ಥವನ್ನು ತಪ್ಪು ಅಂತ ಹೊಡೆದುಹಾಕಬೇಡಿ. ಚೀಟಿಯಲ್ಲಿ ಎರಡೂ ಅರ್ಥ ಪಕ್ಕಪಕ್ಕ ಬರೆಯಿರಿ.

ಸ್ಕ್ರ್ಯಾಬಲ್‌ನಾಗ ಗೆಲ್ಲೋರು QI ಅಂತೆಲ್ಲ ಹಾಕ್ತಾರ. ಅಂಥವು ಕಲೀಬೇಕೇನ್ರಿ?

ಗೆಲ್ಲಬೇಕಾದರೆ ಕಲಿಯಬೇಕು. Q ಒಂದಕ್ಕೇ 10 ಅಂಕ, ನೂರು ಬಿಲ್ಲೆಗಳಲ್ಲಿ Q ಇರುವುದು ಒಂದೇ, U ಸಿಗದಿದ್ದಾಗ QI ಕಾಪಾಡುತ್ತದೆ. ಆದರೆ ಮಾತಿಗೆ ಅದರಿಂದ ಏನೂ ಸಿಗುವುದಿಲ್ಲ. ಚೀನಾದವರು ಹೇಳುವ ಪ್ರಾಣಶಕ್ತಿಯ ಹೆಸರು ಅದು. ಆಸ್ಪತ್ರೆಯಲ್ಲೋ ಆಫೀಸಿನಲ್ಲೋ ಯಾರೂ ಅದನ್ನು ಕೇಳುವುದಿಲ್ಲ.

ನಾವು ಮನೆಯ ನಿಯಮ ಹಾಕಿಕೊಂಡಿದ್ದೇವೆ. ಪದ ಇಟ್ಟವರು ಅದರ ಮೇಲೆ ಒಂದು ಇಂಗ್ಲಿಷ್ ವಾಕ್ಯ ಹೇಳಬೇಕು. ಹೇಳಲಾಗದಿದ್ದರೆ ಬಿಲ್ಲೆ ಇರಲಿ, ಅಂಕ ಅರ್ಧ. ಇದ್ದ ಪದಕ್ಕೆ ತಲೆಯನ್ನೋ ಬಾಲವನ್ನೋ ಅಂಟಿಸಿ ಅರ್ಥ ಹೇಳಿದರೆ 5 ಅಂಕ ಜಾಸ್ತಿ. ಒಬ್ಬರು USE ಇಟ್ಟರು, ಇನ್ನೊಬ್ಬರು ಅದನ್ನು REUSE ಮಾಡಿದರು, ಮತ್ತೊಬ್ಬರು ಅದರ ಕೊನೆಗೆ D ಹಚ್ಚಿದರು. ಒಂದು ಪದದಿಂದ ಮೂರು ಕೈಗೆ ಬಂದವು, ‘ರೀ’ ಅಂದರೆ ಮತ್ತೆ ಅನ್ನುವುದೂ ತಿಳಿಯಿತು. ಈ ನಿಯಮದಿಂದ ಆಟ ನಿಧಾನವಾಗುತ್ತದೆ. ಪೂರ್ತಿ ಬೋರ್ಡ್ ಮುಗಿಸುವ ಹಟ ಬಿಟ್ಟು ಒಬ್ಬೊಬ್ಬರಿಗೆ ಆರು ಸರದಿ ಅಂತ ಇಟ್ಟುಕೊಳ್ಳಿ.

ಆಡಿದಾಗ ಗೊತ್ತಿರ್ತದ, ಎರಡ್ ದಿನಕ್ಕ ಮರ್ತು ಹೋಗ್ತದ. ಉಳಿಸಿಕೊಳ್ಳೋದು ಹೆಂಗ?

ಒಂದು ರಾತ್ರಿಗೆ ಎರಡೇ ಪದ ಆರಿಸಿ. ಹತ್ತು ಬರೆದವರಲ್ಲಿ ಒಂದೂ ಉಳಿಯುವುದಿಲ್ಲ. ಚೀಟಿಯ ಒಂದು ಬದಿಗೆ ಕನ್ನಡ ಅರ್ಥ, ಇನ್ನೊಂದು ಬದಿಗೆ ಇಂಗ್ಲಿಷ್ ಪದ, ಅದರ ಕೆಳಗೆ ನಿಮ್ಮ ಸ್ವಂತ ಬದುಕಿನ ಒಂದು ವಾಕ್ಯ. ನೋಡಿಕೊಳ್ಳುವಾಗ ಯಾವಾಗಲೂ ಕನ್ನಡದ ಬದಿ ಮೇಲೆ ಇರಲಿ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ನಿಮಗೆ ಮೊದಲೇ ಬರುತ್ತದೆ, ಕಷ್ಟ ಇರುವುದು ಈ ಕಡೆಯಿಂದ ಆ ಕಡೆಗೆ ಹೋಗುವುದರಲ್ಲಿ.

ಆಮೇಲೆ ಮೂರು ಲಕೋಟೆ ಮಾಡಿ. ಮೊದಲನೆಯದನ್ನು ದಿನಾ ತೆಗೆಯಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಹೊಸ ಚೀಟಿ ಮೊದಲ ಲಕೋಟೆಗೆ. ಸರಿ ಹೇಳಿದರೆ ಮುಂದಿನದಕ್ಕೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಜರ್ಮನ್ ಮಾತಾಡುವ ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಕ್ರಮ ಇದು. ಮೊದಲ ಲಕೋಟೆ ದಪ್ಪ ಆಗುತ್ತಾ ಹೋಗಿ ಇಪ್ಪತ್ತು ಚೀಟಿ ದಾಟಿದರೆ ಹೊಸ ಪದ ನಿಲ್ಲಿಸಿ. ಅದು ಹತ್ತಕ್ಕೆ ಇಳಿಯುವವರೆಗೆ ಹಳೆಯವನ್ನೇ ಆಡಿ.

ಸ್ಕೋರ್ ಏರ್ತಾ ಅದ. ಅಂದ್ರ ಇಂಗ್ಲಿಷ್ ಏರ್ತಾ ಅದ ಅಂತಲೇನು?

ಅಷ್ಟು ಬೇಗ ಹಾಗೆ ಹೇಳಲಾಗದು. ಒಂದೇ ಆಟ ಬಹಳ ದಿನ ಆಡಿದರೆ ಆಟದ ಗುಟ್ಟು ಕೈಗೆ ಬರುತ್ತದೆ. ಎಲ್ಲಿ ಯಾವ ಅಕ್ಷರ ಹಾಕಬೇಕು, ನಾಲ್ಕು ಉತ್ತರದಲ್ಲಿ ಯಾವುದು ಸುಳ್ಳಿನ ಹಾಗೆ ಕಾಣುತ್ತದೆ ಅನ್ನುವುದು ಗೊತ್ತಾಗುತ್ತದೆ. ಅದರಿಂದ ಸ್ಕೋರ್ ಏರುತ್ತದೆ, ಪದ ಏರುವುದಿಲ್ಲ. ವರ್ಡಲ್‌ನಲ್ಲಿ ನೂರು ದಿನ ಸತತ ಗೆದ್ದವರೊಬ್ಬರಿಗೆ ತಾವು ಹಿಂದಿನ ವಾರ ಕಂಡುಹಿಡಿದ ಏಳು ಪದಗಳಲ್ಲಿ ನಾಲ್ಕರ ಅರ್ಥ ಹೇಳಲು ಬರಲಿಲ್ಲ. ಗೆದ್ದ ಕೂಡಲೇ ಅವರು ಫೋನ್ ಮುಚ್ಚುತ್ತಿದ್ದರು.

ಹೀಗೆ ಪರೀಕ್ಷೆ ಮಾಡಿಕೊಳ್ಳಿ. ತಿಂಗಳಿಗೊಮ್ಮೆ, ಮೂರನೇ ಲಕೋಟೆಯಿಂದ ಇಪ್ಪತ್ತು ಚೀಟಿ ಕಣ್ಣುಮುಚ್ಚಿ ಎತ್ತಿ ಮನೆಯವರ ಕೈಗೆ ಕೊಡಿ. ಅವರು ಕನ್ನಡ ಅರ್ಥ ಓದಲಿ. ಮನಸ್ಸಿನಲ್ಲೇ ಐದು ಎಣಿಸುವುದರೊಳಗೆ ನೀವು ಇಂಗ್ಲಿಷ್ ಪದ ಹೇಳಿ, ಚೀಟಿಯಲ್ಲಿ ಬರೆದದ್ದಲ್ಲದ ಬೇರೊಂದು ವಾಕ್ಯ ಕಟ್ಟಬೇಕು. ಪದ ಬಂತು, ವಾಕ್ಯ ಬರಲಿಲ್ಲ ಅಂದರೆ ಆ ಚೀಟಿ ಎರಡನೇ ಲಕೋಟೆಗೆ. ಪದವೇ ಬರಲಿಲ್ಲ ಅಂದರೆ ಮೊದಲನೆಯದಕ್ಕೆ. ಎರಡೂ ಬಂದ ಚೀಟಿಯನ್ನು ಹೊರಗೆ ತೆಗೆದು ಬೇರೆ ಡಬ್ಬಿಗೆ ಹಾಕಿ. ನಮ್ಮ ವೈನಿಯ ಡಬ್ಬಿ ಹಳೇ ಬಿಸ್ಕಿಟ್ ಡಬ್ಬಿ, ರೊಟ್ಟಿ ಬುಟ್ಟಿಯ ಪಕ್ಕದಲ್ಲೇ ಇದೆ. ಅದರಲ್ಲಿ ಬಿದ್ದ ಮೊದಲ ಚೀಟಿ KNEAD.